ಜಾಗಗಳ ಪಟ್ಟಿ ಬಿಡಿ, ಎಳೆ ಹಿಡಿಯಿರಿ: ಪ್ರವಾಸ ವ್ಲಾಗ್ ಕಟ್ಟುವ ಸಮಗ್ರ ಮಾರ್ಗದರ್ಶಿ

ಪ್ರವಾಸದ ವ್ಲಾಗ್ ಮಾಡುವವರ ದೂರು ಹೆಚ್ಚಾಗಿ ಒಂದೇ. ಶಾಟ್‌ಗಳು ಚೆನ್ನಾಗಿವೆ, ಧ್ವನಿ ಸ್ಪಷ್ಟವಾಗಿದೆ, ಜಾಗವೂ ಸೊಗಸಾಗಿದೆ. ಆದರೂ ಎರಡನೇ ಜಾಗ ಮುಗಿಯುವಷ್ಟರಲ್ಲಿ ನೋಡುವವರು ಜಾರಿಕೊಳ್ಳುತ್ತಾರೆ. ಆಮೇಲೆ ಕ್ಯಾಮೆರಾ ಬದಲಾಗುತ್ತದೆ, ಸಂಗೀತ ಬದಲಾಗುತ್ತದೆ, ಡ್ರೋನ್ ಬರುತ್ತದೆ. ಜನ ಮಾತ್ರ ಅಲ್ಲೇ ಎದ್ದು ಹೋಗುತ್ತಾರೆ.

ತೊಂದರೆ ಇರುವುದು ಜೋಡಣೆಯಲ್ಲಿ. ಮೊದಲು ಇಲ್ಲಿಗೆ ಹೋದೆವು, ಆಮೇಲೆ ಅಲ್ಲಿಗೆ ಹೋದೆವು ಅಂತ ಸಾಗುವ ವಿಡಿಯೋದಲ್ಲಿ ಮುಂದಿನ ಜಾಗಕ್ಕೆ ಕಾಯುವುದಕ್ಕೆ ಕಾರಣವೇ ಇರುವುದಿಲ್ಲ. ಆ ಕಾರಣವನ್ನು ಹುಟ್ಟಿಸುವುದೇ ಎಳೆಯ ಕೆಲಸ.

ಕೊನೆಯವರೆಗೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಮೂರು ದಿನದ ಪ್ರವಾಸ, ಐದು ಜಾಗ: ಹಳೇ ಸೇತುವೆ, ಅಣೆಕಟ್ಟು, ಜಲಪಾತ, ಕಾಡಂಚಿನ ಹಳ್ಳಿ, ಬೆಟ್ಟ. ಐದೂ ಒಂದೇ ನದಿಯ ಪಕ್ಕದಲ್ಲಿವೆ. ಸುಮಾರು 12 ನಿಮಿಷದ ವಿಡಿಯೋ ಆಗಬೇಕು.

## ಮೊದಲು ಬೇಕಾದ ಸಾಮಾನು

ಜಾಸ್ತಿ ಏನೂ ಬೇಡ. ಒಂದು ಫೋನ್ ಅಥವಾ ಕ್ಯಾಮೆರಾ, ಬಟ್ಟೆಗೆ ಸಿಕ್ಕಿಸುವ ಚಿಕ್ಕ ಮೈಕ್, ಜೇಬಿನ ನೋಟ್‌ಬುಕ್, ಒಂದು ಕಟ್ಟು ಖಾಲಿ ಚೀಟಿ, ಯಾವುದಾದರೂ ಎಡಿಟಿಂಗ್ ಸಾಫ್ಟ್‌ವೇರ್. ಇದರಲ್ಲಿ ಮೈಕ್ ಮತ್ತು ಚೀಟಿ, ಇವೆರಡನ್ನು ಮಾತ್ರ ಬಿಡಬೇಡಿ. ಎಳೆಯನ್ನು ಹೊತ್ತು ಸಾಗುವುದು ನಿಮ್ಮ ಮಾತು. ಗಾಳಿಯ ಸದ್ದಿನಲ್ಲಿ ಅದು ಕೇಳಿಸದೆ ಹೋದರೆ ದೃಶ್ಯ ಎಷ್ಟೇ ಚೆನ್ನಾಗಿದ್ದರೂ ಕಥೆ ನಿಲ್ಲುವುದಿಲ್ಲ.

## ಹಂತ 1: ಹೊರಡುವ ಮೊದಲೇ ಒಂದು ಪ್ರಶ್ನೆ ಹಿಡಿಯಿರಿ

ತುಂಬ ಜನ ಎಡವುವುದು ಇಲ್ಲೇ. ಎಳೆ ಅಂದರೆ ವಿಷಯ ಅಂದುಕೊಳ್ಳುತ್ತಾರೆ. "ನದಿಯ ಸೌಂದರ್ಯ" ಅನ್ನುವುದು ವಿಷಯ. ಅದರಲ್ಲಿ ಏನೂ ಬಾಕಿ ಉಳಿದಿಲ್ಲ. "ಈ ನದಿ ಎಲ್ಲಿ ಹುಟ್ಟುತ್ತದೆ, ನಾವು ನಡೆದು ಅಲ್ಲಿಗೆ ಮುಟ್ಟಬಹುದಾ?" ಅನ್ನುವುದು ಎಳೆ. ಉತ್ತರ ಸಿಗುವವರೆಗೂ ಅದು ಬಾಕಿ ಇರುತ್ತದೆ.

ಪ್ರಶ್ನೆ ಹುಟ್ಟುವ ದಾರಿಗಳು ಹಲವು. ಏನನ್ನೋ ಹುಡುಕಬಹುದು. ಗಡುವು ಹಾಕಿಕೊಳ್ಳಬಹುದು. ಮ್ಯಾಪ್ ನೋಡದೆ ಜನರನ್ನು ಕೇಳಿಕೊಂಡೇ ಹೋಗುತ್ತೇನೆ ಅಂತ ನಿಮಗೆ ನೀವೇ ಒಂದು ಕಟ್ಟುಪಾಡು ಹಾಕಿಕೊಳ್ಳಬಹುದು. ಹೊಸಬರಿಗೆ ಹುಡುಕಾಟವೇ ಸುಲಭ ಅನ್ನುವುದು ನನ್ನ ಅಭಿಪ್ರಾಯ. ಕಟ್ಟುಪಾಡಿನ ವಿಡಿಯೋ ಬೇಗ ಆಟದ ಹಾಗೆ ಆಗಿಬಿಡುತ್ತದೆ, ಜಾಗ ಹಿಂದೆ ಸರಿಯುತ್ತದೆ.

ನಿಮ್ಮ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಅದರಲ್ಲಿ ಮೂರು ಸಂಗತಿ ಇರಬೇಕು: ಏನು ಬೇಕು, ಏನು ಅಡ್ಡ ಬರಬಹುದು, ಯಾವಾಗ ಮುಗಿಯುತ್ತದೆ. ನಮ್ಮ ಉದಾಹರಣೆಯಲ್ಲಿ ಅದು ಹೀಗಾಗುತ್ತದೆ: "ಸೇತುವೆಯ ಕೆಳಗೆ ಇಷ್ಟು ಅಗಲ ಇರುವ ನದಿ ಹುಟ್ಟುವ ಜಾಗವನ್ನು ಕಣ್ಣಾರೆ ನೋಡಬೇಕು, ಅಣೆಕಟ್ಟಿನ ಆಚೆ ದಾರಿ ಇದೆಯೋ ಇಲ್ಲವೋ ಗೊತ್ತಿಲ್ಲ, ಮೂರನೇ ದಿನ ಸಂಜೆಯೊಳಗೆ ವಾಪಸ್ ಬರಬೇಕು."

ಬರೆದ ಮೇಲೆ ಅದನ್ನು ಒರೆಗೆ ಹಚ್ಚಿ. ಉತ್ತರ "ಇಲ್ಲ" ಅಂತಾದರೂ ವಿಡಿಯೋ ನಿಲ್ಲುತ್ತದಾ? ಮೂಲ ಸಿಗದೆ ಕಾಡಿನಲ್ಲೇ ವಾಪಸ್ ತಿರುಗಿದರೂ ಅದೊಂದು ಮುಕ್ತಾಯವೇ, ಹಾಗಾಗಿ ಈ ಪ್ರಶ್ನೆ ಸರಿ. ಇನ್ನೊಂದು ಪರೀಕ್ಷೆ: ಮುಂದೆ ಹೋಗುತ್ತಿದ್ದೇವೆ ಅನ್ನುವುದು ಮಾತಿಲ್ಲದೆ ಕಣ್ಣಿಗೆ ಕಾಣುತ್ತದಾ? ನದಿಯ ಎಳೆಯ ದೊಡ್ಡ ಅನುಕೂಲ ಇದೇ. ನೀರು ಅಗಲದಿಂದ ಕಿರಿದಾಗುತ್ತಾ, ಕೊನೆಗೆ ಕಾಲಲ್ಲಿ ದಾಟುವಷ್ಟಾಗುತ್ತದೆ. ನೋಡುವವರಿಗೆ ಎಷ್ಟು ದೂರ ಬಂದೆವು ಅಂತ ಹೇಳಬೇಕಾಗಿಯೇ ಇಲ್ಲ. "ನನ್ನನ್ನು ನಾನು ಹುಡುಕಿಕೊಳ್ಳುತ್ತೇನೆ" ಅನ್ನುವ ಎಳೆ ಈ ಪರೀಕ್ಷೆಯಲ್ಲಿ ಬಿದ್ದುಹೋಗುತ್ತದೆ. ಅದನ್ನು ಯಾವ ಶಾಟ್‌ನಲ್ಲಿ ತೋರಿಸುತ್ತೀರಿ?

ಎಚ್ಚರಿಕೆ: ಗೂಗಲ್ ಮಾಡಿದ ಕೂಡಲೇ ಉತ್ತರ ಸಿಗುವ ಪ್ರಶ್ನೆ ಬೇಡ. ನದಿಯ ಮೂಲ ಎಲ್ಲಿ ಅಂತ ನಕ್ಷೆಯಲ್ಲಿ ಬರೆದಿರಬಹುದು. ಅಲ್ಲಿಗೆ ನಡೆದು ಹೋಗಲು ಆಗುತ್ತದಾ, ಅಲ್ಲಿ ನಿಂತಾಗ ಏನು ಕಾಣುತ್ತದೆ ಅನ್ನುವುದು ಬರೆದಿರುವುದಿಲ್ಲ. ಪ್ರಶ್ನೆಯ ತೂಕವನ್ನು ಆ ಕಡೆ ವಾಲಿಸಿ.

## ಹಂತ 2: ಪ್ರತಿ ಜಾಗಕ್ಕೂ ಒಂದು ಕೆಲಸ ಕೊಡಿ

ಈಗ ಐದು ಜಾಗಗಳನ್ನು ಐದು ಚೀಟಿಯಲ್ಲಿ ಬರೆಯಿರಿ. ಪ್ರತಿ ಚೀಟಿಯ ಹಿಂದೆ, ಈ ಜಾಗ ಪ್ರಶ್ನೆಗೆ ಏನು ಮಾಡುತ್ತದೆ ಅಂತ ಒಂದು ಸಾಲು ಬರೆಯಿರಿ.

ಸೇತುವೆಯಲ್ಲಿ ಪ್ರಶ್ನೆ ಹುಟ್ಟುತ್ತದೆ. ಅಣೆಕಟ್ಟು ಅಡ್ಡ ಬರುತ್ತದೆ, ದಡದ ದಾರಿ ಅಲ್ಲಿಗೆ ನಿಲ್ಲುತ್ತದೆ. ಕಾಡಂಚಿನ ಹಳ್ಳಿಯಲ್ಲಿ ಮುಂದಿನ ದಾರಿ ಗೊತ್ತಾಗುತ್ತದೆ. ಬೆಟ್ಟದಲ್ಲಿ ಉತ್ತರ. ಇನ್ನು ಜಲಪಾತ? ಅದರ ಚೀಟಿ ಖಾಲಿ.

ಇಂಥ ಖಾಲಿ ಚೀಟಿ ಬರುವುದು ಒಳ್ಳೆಯದೇ. ಐದರಲ್ಲಿ ಅತಿ ಚೆಂದದ ಜಾಗ ಜಲಪಾತ, ಥಂಬ್‌ನೇಲ್‌ಗೆ ಹಾಕಬೇಕು ಅಂತ ಮನಸ್ಸು ಎಳೆಯುತ್ತದೆ. ಆದರೆ ಅದಕ್ಕೆ ಕೆಲಸ ಇಲ್ಲ. ಎರಡೇ ದಾರಿ ಇವೆ. ಒಂದು, ಬಿಟ್ಟುಬಿಡುವುದು, ಬೇಕಾದರೆ ಬೇರೆ ಶಾರ್ಟ್ಸ್ ಮಾಡುವುದು. ಇನ್ನೊಂದು, ನಿಜವಾದ ಕೆಲಸ ಹುಡುಕುವುದು. ಜಲಪಾತದ ಮೇಲ್ಗಡೆ ಎರಡು ಹಳ್ಳಗಳು ಬಂದು ಸೇರುತ್ತವೆ ಅಂದುಕೊಳ್ಳಿ. ಹಾಗಿದ್ದರೆ ಯಾವುದು ನದಿ, ಯಾವುದು ಉಪನದಿ? ಯಾವುದರ ಹಿಂದೆ ಹೋಗಬೇಕು? ಕೆಲವರು ಉದ್ದ ಜಾಸ್ತಿ ಇರುವುದೇ ಮುಖ್ಯ ನದಿ ಅನ್ನುತ್ತಾರೆ, ಕೆಲವರು ನೀರು ಜಾಸ್ತಿ ಇರುವುದು ಅನ್ನುತ್ತಾರೆ, ಎಷ್ಟೋ ಕಡೆ ಜನ ಮೊದಲಿನಿಂದ ಯಾವುದನ್ನು ಆ ಹೆಸರಿನಿಂದ ಕರೆದರೋ ಅದೇ ಮುಖ್ಯ. ಈಗ ಜಲಪಾತ ಬರೀ ನೋಟ ಅಲ್ಲ. ಇಡೀ ಪ್ರವಾಸ ಅಲ್ಲಿ ಕವಲೊಡೆಯುತ್ತದೆ. ಹಾಗೆ ನೋಡಿದರೆ ಐದು ಜಾಗಗಳಲ್ಲಿ ಅದೇ ಮುಖ್ಯ ಆಯಿತು.

ಚೀಟಿಗಳನ್ನು ಸಾಲಾಗಿ ಇಟ್ಟು, ಎರಡರ ನಡುವೆ ಒಂದು ಪದ ಹಾಕಿ ಓದಿ. "ಆಮೇಲೆ" ಮಾತ್ರ ಹೊಂದುತ್ತಿದ್ದರೆ ಅದು ಪಟ್ಟಿ. "ಆದರೆ" ಅಥವಾ "ಅದಕ್ಕೇ" ಹೊಂದಿದರೆ ಎಳೆ. ಮೂಲ ನೋಡಲು ಹೊರಟೆವು, ಆದರೆ ಅಣೆಕಟ್ಟಿನ ಹತ್ತಿರ ದಾರಿ ನಿಂತಿತು. ಅದಕ್ಕೇ ಹಳ್ಳಿಗೆ ಹೋಗಿ ಕೇಳಿದೆವು. ಅವರು ಜಲಪಾತದ ದಾರಿ ತೋರಿಸಿದರು, ಆದರೆ ಅಲ್ಲಿ ನೀರು ಎರಡಾಗಿತ್ತು. ಚಿತ್ರಕಥೆ ಬರೆಯುವವರು ಇದನ್ನು ಬಹಳ ಕಾಲದಿಂದ ಬಳಸುತ್ತಾರೆ, ವ್ಲಾಗ್‌ಗೂ ಸುಮ್ನೆ ಎತ್ತಿಕೊಳ್ಳಬಹುದು.

## ಹಂತ 3: ಗೊತ್ತಾಗುವ ಮೊದಲೇ ಮಾತಾಡಿ

ಶೂಟಿಂಗ್‌ನಲ್ಲಿ ಅತಿ ಹೆಚ್ಚು ಕಳೆದುಹೋಗುವುದು ಈ ಶಾಟ್. ಮನೆಗೆ ಬಂದ ಮೇಲೆ ಇದನ್ನು ಯಾವ ರೀತಿಯಲ್ಲೂ ಮತ್ತೆ ತೆಗೆಯಲು ಆಗುವುದಿಲ್ಲ.

ಸಾಮಾನ್ಯವಾಗಿ ಜನ ಜಾಗಕ್ಕೆ ಮುಟ್ಟಿದ ಮೇಲೆ ಕ್ಯಾಮೆರಾ ಆನ್ ಮಾಡುತ್ತಾರೆ. "ನಾವೀಗ ಇಲ್ಲಿಗೆ ಬಂದಿದ್ದೇವೆ" ಅನ್ನುತ್ತಾರೆ. ಅಷ್ಟು ಹೊತ್ತಿಗೆ ಕುತೂಹಲ ಮುಗಿದಿರುತ್ತದೆ. ನೀವು ಮುಟ್ಟುವ ಮೊದಲೇ, ಇನ್ನೂ ಗೊತ್ತಿಲ್ಲದಾಗ, ಏನು ಸಿಗಬಹುದು ಅಂದುಕೊಂಡಿದ್ದೀರಿ ಅಂತ ಹೇಳಬೇಕು. ಸೇತುವೆಯ ಮೇಲೆ ನಿಂತು ಹೇಳಿ: "ಬೆಟ್ಟದಲ್ಲಿ ಬಂಡೆಯ ನಡುವಿನಿಂದ ನೀರು ಚಿಮ್ಮುತ್ತಿರುತ್ತದೆ ಅಂತ ನನ್ನ ಊಹೆ." ಕೊನೆಯಲ್ಲಿ ಕಂಡದ್ದು ಬೇರೆ ಆದಾಗ ಈ ಒಂದು ಮಾತಿನಿಂದಲೇ ಮುಕ್ತಾಯಕ್ಕೆ ಬಲ ಬರುತ್ತದೆ.

ಪ್ರತಿ ತಿರುವಿನಲ್ಲೂ ಮೂರು ತುಣುಕು ತೆಗೆಯಿರಿ. ನಿರ್ಧಾರಕ್ಕೆ ಮೊದಲು: ಏನು ಆಯ್ಕೆ ಇದೆ, ಏನು ಅಂದುಕೊಂಡಿದ್ದೀರಿ. ನಿರ್ಧಾರದ ಹೊತ್ತಿನಲ್ಲಿ: ವಾದ, ಅನುಮಾನ, ದಾರಿ ಕೇಳುವುದು. ಆಮೇಲೆ: ಏನಾಯಿತು, ಈಗ ಏನು ಬದಲಾಯಿತು. ಒಂದೊಂದೂ 20–30 ಸೆಕೆಂಡ್ ಇದ್ದರೆ ಸಾಕು. ನಡುವಿನದನ್ನು ನಟಿಸಬೇಡಿ. ಇಬ್ಬರು ಯಾವ ಹಳ್ಳದ ಹಿಂದೆ ಹೋಗಬೇಕು ಅಂತ ನಿಜವಾಗಿ ಜಗಳ ಆಡುತ್ತಿದ್ದರೆ ಕ್ಯಾಮೆರಾವನ್ನು ಕಲ್ಲಿನ ಮೇಲಿಟ್ಟು ಓಡಲು ಬಿಡಿ. ಫ್ರೇಮ್ ಸ್ವಲ್ಪ ಓರೆ ಇದ್ದರೂ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇದರ ಜೊತೆಗೆ ಒಂದು ಮರುಕಳಿಸುವ ಶಾಟ್ ಇಟ್ಟುಕೊಳ್ಳಿ. ನಮ್ಮ ವಿಡಿಯೋದಲ್ಲಿ ಅದು ಒಂದು ದಡದಿಂದ ಇನ್ನೊಂದು ದಡಕ್ಕೆ ಅಡ್ಡಲಾಗಿ ತೆಗೆದ ನೀರಿನ ಶಾಟ್. ಐದೂ ಜಾಗದಲ್ಲಿ ಅದೇ ಎತ್ತರ, ಅದೇ ಲೆನ್ಸ್, ಕ್ಯಾಮೆರಾ ಅಲುಗಾಡದೆ 10 ಸೆಕೆಂಡ್. ಸೇತುವೆಯ ಹತ್ತಿರ ಆಚೆ ದಡ ದೂರದಲ್ಲಿ ಕಾಣುತ್ತದೆ. ಬೆಟ್ಟದಲ್ಲಿ ಎರಡೂ ದಡ ಫ್ರೇಮ್‌ನೊಳಗೇ ಇರುತ್ತವೆ. ಮೊದಲ ಜಾಗದಲ್ಲಿ ಜೂಮ್ ಮಾಡಿ ಎರಡನೆಯದರಲ್ಲಿ ವೈಡ್ ತೆಗೆದರೆ ಹೋಲಿಕೆ ಕೆಟ್ಟುಹೋಗುತ್ತದೆ. ಅದಕ್ಕೇ ಸೆಟ್ಟಿಂಗ್ ಅನ್ನು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಳ್ಳಿ.

ಮಾತಿನ ಮೇಲೆ ಹಾಕುವ ಪೂರಕ ದೃಶ್ಯಗಳನ್ನು ಬಿ-ರೋಲ್ ಅನ್ನುತ್ತಾರೆ. ಮಿಕ್ಕ ಬಿ-ರೋಲ್ ತೆಗೆಯುವಾಗ ಕೈ ಹಿಡಿತ ಇರಲಿ. ಹೂವು, ಚಿಟ್ಟೆ, ಮೋಡ ಎಲ್ಲ ಎಡಿಟಿಂಗ್ ಹೊತ್ತಿಗೆ ಹೊರೆ ಆಗುತ್ತವೆ. ದಾರಿ, ನೀರು, ಕಾಲು, ನಕ್ಷೆ, ಕೈ ತೋರಿಸುವ ಜನ, ಗಡಿಯಾರ, ಇಳಿಯುವ ಬಿಸಿಲು, ಇವು ಎಳೆಗೆ ಸೇರಿದವು. ಪ್ರತಿ ಜಾಗದಲ್ಲೂ ಯಾರೂ ಮಾತಾಡದೆ 30 ಸೆಕೆಂಡ್ ಅಲ್ಲಿನ ಸದ್ದನ್ನು ಮಾತ್ರ ರೆಕಾರ್ಡ್ ಮಾಡಿ. ಕತ್ತರಿಸಿದ ಮಾತುಗಳ ನಡುವಿನ ತೂತು ಮುಚ್ಚಲು ಅದು ಬೇಕೇ ಬೇಕು.

ಒಂದು ಸುರಕ್ಷತೆಯ ಮಾತು, ಈ ಉದಾಹರಣೆಗೆ ಸೇರಿದ್ದು. ಅಣೆಕಟ್ಟಿನ ಕೆಳಗೆ ನದಿಯ ಪಾತ್ರದೊಳಗೆ ಇಳಿದು ಶೂಟ್ ಮಾಡಬೇಡಿ. ಗೇಟ್ ತೆರೆದರೆ ನೀರು ನಿಮಿಷಗಳಲ್ಲಿ ಏರುತ್ತದೆ. ಮೇಲ್ಗಡೆ ಮಳೆ ಬಿದ್ದರೆ ಹಳ್ಳಗಳಲ್ಲೂ ಹಾಗೆಯೇ, ನೀವು ನಿಂತಲ್ಲಿ ಬಿಸಿಲೇ ಇರಬಹುದು. ತಿಳಿ ನೀರು ಇದ್ದಕ್ಕಿದ್ದಂತೆ ಕೆಂಪಾಗಿ, ಕಸಕಡ್ಡಿ ತೇಲಿಬರತೊಡಗಿದರೆ ಆ ಕ್ಷಣವೇ ಮೇಲೆ ಹತ್ತಿ. ಕ್ಯಾಮೆರಾ ಆಮೇಲೆ.

## ಹಂತ 4: ಪ್ರತಿ ರಾತ್ರಿ ಹತ್ತು ನಿಮಿಷದ ಲೆಕ್ಕ

ಮಲಗುವ ಮೊದಲು ನೋಟ್‌ಬುಕ್‌ನಲ್ಲಿ ಮೂರು ಸಾಲು ಬರೆಯಿರಿ. ಇವತ್ತು ಪ್ರಶ್ನೆ ಎಲ್ಲಿಗೆ ಬಂತು, ಯಾವ ತುಣುಕು ತೆಗೆಯಲು ಮರೆತೆ, ನಾಳೆ ಏನು ಬದಲಾಗಬಹುದು.

ಕೆಲವೊಮ್ಮೆ ಪ್ರಶ್ನೆಯೇ ಬದಲಾಗುತ್ತದೆ. ಹಳ್ಳಿಯಲ್ಲಿ ಒಬ್ಬ ಅಜ್ಜಿ "ಈ ನದಿಗೆ ಒಂದು ಮೂಲ ಅಂತ ಇಲ್ಲ, ಮಳೆಗಾಲದಲ್ಲಿ ಒಂದು ಕಡೆ, ಬೇಸಿಗೆಯಲ್ಲಿ ಇನ್ನೊಂದು ಕಡೆ" ಅಂದರು ಅಂದುಕೊಳ್ಳಿ. ಅದು ನಿಮ್ಮ ಯೋಜನೆಯನ್ನು ಕೆಡಿಸಲಿಲ್ಲ, ಒಳ್ಳೆಯ ತಿರುವು ಕೊಟ್ಟಿತು. ಆದರೆ ಅದೇ ಹೊತ್ತಿಗೆ ಕ್ಯಾಮೆರಾ ಮುಂದೆ ಬಾಯಿಬಿಟ್ಟು ಹೇಳಬೇಕು: ಇವತ್ತು ಬೆಳಿಗ್ಗೆ ಹುಡುಕುತ್ತಿದ್ದದ್ದು ಒಂದು, ಈಗ ಹುಡುಕುತ್ತಿರುವುದು ಇನ್ನೊಂದು. ಹೇಳದೆ ಬದಲಾಯಿಸಿದರೆ ನೋಡುವವರು ದಾರಿ ತಪ್ಪುತ್ತಾರೆ.

## ಹಂತ 5: ಮೊದಲ ಎಡಿಟ್ ಕಾಗದದ ಮೇಲೆ

ಸಾಫ್ಟ್‌ವೇರ್ ತೆರೆದು ಕ್ಲಿಪ್‌ಗಳನ್ನು ದಿನಾಂಕದ ಕ್ರಮದಲ್ಲಿ ಎಳೆದು ಹಾಕಿದರೆ ಕಥೆ ಮತ್ತೆ ಪಟ್ಟಿಯಾಗುತ್ತದೆ. ಟೈಮ್‌ಲೈನ್‌ನಲ್ಲಿ ಒಮ್ಮೆ ಕೂತ ಕ್ಲಿಪ್ ಅನ್ನು ಎಬ್ಬಿಸಲು ಮನಸ್ಸು ಬರುವುದಿಲ್ಲ. ಅದಕ್ಕೇ ಮೊದಲು ಕಾಗದ.

ಎಲ್ಲ ಫುಟೇಜ್ ಒಮ್ಮೆ ನೋಡಿ. ಪ್ರಶ್ನೆ ಮುಂದೆ ಸರಿಯುವ ಜಾಗಗಳಲ್ಲಿ ಮಾತ್ರ ಗುರುತು ಹಾಕಿ. ಡಾವಿಂಚಿ ರಿಸಾಲ್ವ್ ಮತ್ತು ಪ್ರೀಮಿಯರ್ ಪ್ರೊ, ಈ ಎರಡೂ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ M ಕೀ ಒತ್ತಿದರೆ ಮಾರ್ಕರ್ ಬೀಳುತ್ತದೆ. ಪ್ರತಿ ಗುರುತಿಗೂ ಒಂದು ಚೀಟಿ ಬರೆಯಿರಿ: ಯಾರು ಏನು ಅಂದರು, ಇದರಿಂದ ಏನು ಬದಲಾಯಿತು. ಬದಲಾವಣೆ ಬರೆಯಲು ಆಗದಿದ್ದರೆ ಚೀಟಿ ಪಕ್ಕಕ್ಕೆ. ಉಳಿದ ಚೀಟಿಗಳನ್ನು ನೆಲದ ಮೇಲೆ ಹರಡಿ ಜೋಡಿಸಿ.

ನಮ್ಮ 12 ನಿಮಿಷ ಹೆಚ್ಚುಕಡಿಮೆ ಹೀಗೆ ನಿಲ್ಲುತ್ತದೆ:

- 0:00–0:20 ಜಲಪಾತದ ಮೇಲ್ಗಡೆ, ಎರಡು ಹಳ್ಳಗಳ ಎದುರು ಇಬ್ಬರ ವಾದ. ಉತ್ತರ ಹೇಳದೆ ಕತ್ತರಿಸಿ.
- 0:20–1:15 ಎರಡು ದಿನ ಹಿಂದೆ, ಸೇತುವೆ. ಪ್ರಶ್ನೆ, ಊಹೆ, ಗಡುವು. ನೀರಿನ ಮೊದಲ ಶಾಟ್.
- 1:15–3:30 ಅಣೆಕಟ್ಟು. ದಾರಿ ನಿಲ್ಲುತ್ತದೆ.
- 3:30–5:45 ಹಳ್ಳಿ. ದಾರಿ ಸಿಗುತ್ತದೆ, ಅಜ್ಜಿಯ ಮಾತಿನಿಂದ ಪ್ರಶ್ನೆ ಬದಲಾಗುತ್ತದೆ.
- 5:45–8:30 ಜಲಪಾತ. ವಾದ ಪೂರ್ತಿ, ನಿರ್ಧಾರ.
- 8:30–10:45 ಏರು ದಾರಿ. ನೀರು ಕಿರಿದಾಗುತ್ತದೆ, ಹೊತ್ತು ಇಳಿಯುತ್ತದೆ.
- 10:45–12:00 ಉತ್ತರ. ಚಿಮ್ಮುವ ನೀರಿಲ್ಲ, ಕಾಲಿಟ್ಟರೆ ಹೂತುಹೋಗುವ ಜವುಗು ನೆಲ.

ಇದರಲ್ಲಿ ಸಮಯದ ಹಂಚಿಕೆ ನೋಡಿ. ಜಲಪಾತಕ್ಕೆ ಹೆಚ್ಚು ಹೊತ್ತು ಸಿಕ್ಕಿದ್ದು ಚೆಂದಕ್ಕಲ್ಲ, ನಿರ್ಧಾರ ಅಲ್ಲಿ ಇರುವುದರಿಂದ. ಪೂರ್ತಿ ದಿನ ಕಳೆದ ಅಣೆಕಟ್ಟಿಗೆ ಎರಡೂಕಾಲು ನಿಮಿಷ ಸಾಕಾಯಿತು. ಎಷ್ಟು ಹೊತ್ತು ಅಲ್ಲಿದ್ದೆವು ಅನ್ನುವುದಕ್ಕೂ ವಿಡಿಯೋದಲ್ಲಿ ಎಷ್ಟು ಹೊತ್ತು ಕೊಡಬೇಕು ಅನ್ನುವುದಕ್ಕೂ ಸಂಬಂಧವೇ ಇಲ್ಲ.

ಶುರುವಿನಲ್ಲಿ ನಡುವಿನ ದೃಶ್ಯ ಹಾಕುವುದು ಕಡ್ಡಾಯ ಅಲ್ಲ. ಹಾಕಿದರೆ ತಿರುವನ್ನು ತೋರಿಸಿ, ಉತ್ತರವನ್ನಲ್ಲ. ಬೆಟ್ಟದ ತುದಿಯ ಡ್ರೋನ್ ಶಾಟ್ ಮೊದಲ ಹತ್ತು ಸೆಕೆಂಡ್‌ನಲ್ಲೇ ಹಾಕಿಬಿಟ್ಟರೆ ಅಲ್ಲಿಗೆ ಮುಟ್ಟುತ್ತಾರೋ ಇಲ್ಲವೋ ಅನ್ನುವುದು ಸತ್ತೇಹೋಯಿತು.

## ಹಂತ 6: ಟೈಮ್‌ಲೈನ್‌ನಲ್ಲಿ ಹೊಲಿಗೆ

ಚೀಟಿಯ ಕ್ರಮದಲ್ಲಿ ಮೊದಲು ಮಾತಿನ ತುಣುಕುಗಳನ್ನು ಮಾತ್ರ ಹಾಕಿ. ಸಂಗೀತ ಬೇಡ, ಬಿ-ರೋಲ್ ಬೇಡ, ಬಣ್ಣ ತಿದ್ದುವುದೂ ಬೇಡ. ಕಣ್ಣು ಮುಚ್ಚಿ ಕೇಳಿ. ಕಥೆ ಅರ್ಥ ಆಗುತ್ತಿದ್ದರೆ ಮುಂದಿನ ಕೆಲಸಕ್ಕೆ ಹೋಗಿ. ಆಗದಿದ್ದರೆ ಎಲ್ಲಿ ಕಳಚಿಕೊಂಡಿತೋ ಅಲ್ಲಿಗೆ ಒಂದು ಸಾಲಿನ ವಾಯ್ಸ್ ಓವರ್ ಬರೆಯಿರಿ.

ವಾಯ್ಸ್ ಓವರ್ ಜಾಗಗಳ ನಡುವೆ ಸೇತುವೆ ಆಗಬೇಕು. "ಮುಂದೆ ನಾವು ಜಲಪಾತಕ್ಕೆ ಹೋದೆವು" ಅನ್ನುವ ಸಾಲು ಏನೂ ಮಾಡುವುದಿಲ್ಲ. "ಅಜ್ಜಿ ತೋರಿಸಿದ ದಾರಿ ಜಲಪಾತದವರೆಗೆ ಸರಿಯಾಗಿತ್ತು. ಅಲ್ಲಿಂದ ಮೇಲೆ ಏನಿದೆ ಅಂತ ಅವರೂ ಹೇಳಿರಲಿಲ್ಲ" ಅನ್ನುವುದು ಹಿಂದಿನ ಜಾಗವನ್ನೂ ಮುಂದಿನ ಅನುಮಾನವನ್ನೂ ಒಟ್ಟಿಗೆ ಹಿಡಿಯುತ್ತದೆ. ಒಂದು ಜಾಗ ಮುಗಿಯುವ ಮೊದಲೇ ಮುಂದಿನ ಅನುಮಾನ ಹುಟ್ಟಿರಲಿ. ಜಾಗದ ಕೊನೆಗೆ ನಿಟ್ಟುಸಿರು ಬಿಡುವಂಥ ಸಂಗೀತ, ಕಪ್ಪು ಪರದೆ, "ದಿನ 2" ಅನ್ನುವ ದೊಡ್ಡ ಅಕ್ಷರ, ಇವೆಲ್ಲ ನೋಡುವವರಿಗೆ ನೀವೇ ಬಾಗಿಲು ತೆರೆದು ಕಳಿಸಿದ ಹಾಗೆ.

ಕ್ರಮ ಬದಲಿಸುವುದರಲ್ಲೂ ಒಂದು ಮಿತಿ ಇದೆ. ಸಂಕ್ಷೇಪ ಮಾಡಿ, ಶುರುವಿಗೆ ನಡುವಿನದನ್ನು ತನ್ನಿ, ತೊಂದರೆ ಇಲ್ಲ. ಆದರೆ ಉತ್ತರ ಗೊತ್ತಾದ ಮೇಲೆ ತೆಗೆದ ಅಚ್ಚರಿಯ ಮುಖವನ್ನು ಗೊತ್ತಾಗುವ ಮೊದಲಿನ ಜಾಗದಲ್ಲಿ ಅಂಟಿಸಬೇಡಿ. ಬೆಳಕು, ಬಟ್ಟೆಯ ಕೆಸರು, ಧ್ವನಿಯ ದಣಿವು ಎಲ್ಲ ಸೇರಿ ಅದನ್ನು ಬಯಲು ಮಾಡುತ್ತವೆ.

## ಹಂತ 7: ಹಾಕುವ ಮೊದಲು, ಹಾಕಿದ ಮೇಲೆ

ಪ್ರವಾಸಕ್ಕೆ ಬರದ ಒಬ್ಬರಿಗೆ ವಿಡಿಯೋ ತೋರಿಸಿ. ಮೂರನೇ ನಿಮಿಷಕ್ಕೆ ನಿಲ್ಲಿಸಿ, "ಇವರು ಏನು ಹುಡುಕುತ್ತಿದ್ದಾರೆ?" ಅಂತ ಕೇಳಿ. ಒಂದೇ ವಾಕ್ಯದಲ್ಲಿ ಉತ್ತರ ಬರದಿದ್ದರೆ ತಪ್ಪು ಮೊದಲ ಒಂದು ನಿಮಿಷದಲ್ಲಿದೆ. ಮೂರನೇ ನಿಮಿಷವನ್ನು ತಿದ್ದಲು ಹೋಗಬೇಡಿ.

ಇನ್ನೊಂದು ಪರೀಕ್ಷೆ ನೀವೇ ಮಾಡಬಹುದು. ಅಕ್ಕಪಕ್ಕದ ಎರಡು ಜಾಗಗಳನ್ನು ಅದಲು ಬದಲು ಮಾಡಿ ನೋಡಿ. ಏನೂ ಮುರಿಯದಿದ್ದರೆ ಅವುಗಳ ನಡುವೆ ಎಳೆ ಇಲ್ಲ.

ಯೂಟ್ಯೂಬ್‌ನಲ್ಲಿ ಹಾಕಿದ ಮೇಲೆ ಯೂಟ್ಯೂಬ್ ಸ್ಟುಡಿಯೋದಲ್ಲಿ ನೋಡುಗರು ಎಲ್ಲಿಯವರೆಗೆ ಉಳಿದರು ಅನ್ನುವ ಗ್ರಾಫ್ ಸಿಗುತ್ತದೆ. ಶುರುವಿನಲ್ಲಿ ಇಳಿಯುವುದು ಎಲ್ಲ ವಿಡಿಯೋಗೂ ಇರುತ್ತದೆ, ಅದಕ್ಕೆ ಹೆದರಬೇಡಿ. ನೀವು ನೋಡಬೇಕಾದದ್ದು ಜಾಗ ಬದಲಾಗುವ ಸಮಯಗಳನ್ನು. ಪ್ರತಿ ಬದಲಾವಣೆಯಲ್ಲೂ ಮೆಟ್ಟಿಲಿನಂತೆ ಗೆರೆ ಕೆಳಗಿಳಿದಿದ್ದರೆ ಜಾಗಗಳ ನಡುವಿನ ಹೊಲಿಗೆ ಬಿಟ್ಟಿದೆ. ಒಂದು ಜಾಗದ ನಡುವೆ ಮಾತ್ರ ಇಳಿದಿದ್ದರೆ ಅಲ್ಲಿ ವಿವರ ಜಾಸ್ತಿ ಆಗಿದೆ ಅಥವಾ ಸಂಗೀತದ ಬಿ-ರೋಲ್ ಉದ್ದ ಆಗಿದೆ. ಕೊನೆಗೆ ಒಂದು ನಿಮಿಷ ಇರುವಾಗ ಬಿದ್ದರೆ ಉತ್ತರ ಕೊಟ್ಟ ಮೇಲೂ ನೀವು ಮಾತು ಮುಂದುವರಿಸಿದ್ದೀರಿ.

ವಿಡಿಯೋವನ್ನು ಹೆಸರಿಟ್ಟ ಭಾಗಗಳಾಗಿ ತೋರಿಸುವ ಚಾಪ್ಟರ್ ಹಾಕುವುದಾದರೆ ಮೊದಲನೆಯದು 0:00ರಿಂದ ಶುರುವಾಗಬೇಕು, ಕನಿಷ್ಠ ಮೂರು ಇರಬೇಕು, ಒಂದೊಂದೂ ಕನಿಷ್ಠ 10 ಸೆಕೆಂಡ್ ಇರಬೇಕು. ಹೆಸರು ಕೊಡುವಾಗ ಜಾಗದ ಹೆಸರಿಗಿಂತ ತಿರುವಿನ ಹೆಸರು ಮೇಲು. "ಅಣೆಕಟ್ಟು" ಬದಲು "ದಾರಿ ಇಲ್ಲಿಗೇ ನಿಂತಿತು". ಕೊನೆಯದಕ್ಕೆ ಮಾತ್ರ ಉತ್ತರ ಬಿಟ್ಟುಕೊಡುವ ಹೆಸರು ಇಡಬೇಡಿ.

## ಈಗಾಗಲೇ ಎಳೆಯಿಲ್ಲದೆ ಶೂಟ್ ಮಾಡಿಬಿಟ್ಟಿದ್ದರೆ

ಪೂರ್ತಿ ಕೈ ಚೆಲ್ಲಬೇಕಿಲ್ಲ. ಫುಟೇಜ್‌ನಲ್ಲಿ ನಿಮ್ಮ ಯೋಜನೆ ತಪ್ಪಿದ ಜಾಗ ಹುಡುಕಿ. ಬಸ್ ತಪ್ಪಿತು, ಗೇಟ್ ಮುಚ್ಚಿತ್ತು, ಮಳೆ ಬಂತು, ಯಾರೋ ಬೇಡ ಅಂದರು. ಎಳೆ ಸಾಮಾನ್ಯವಾಗಿ ಅಲ್ಲೇ ಅಡಗಿರುತ್ತದೆ, ಯಾಕೆಂದರೆ ಏನೋ ಬೇಕು ಅಂತ ಹೊರಟಿದ್ದರಿಂದಲೇ ಅದು ತಪ್ಪಿತು. ಆ ಬೇಕಾದದ್ದು ಏನಿತ್ತು ಅಂತ ಶುರುವಿನಲ್ಲಿ ವಾಯ್ಸ್ ಓವರ್‌ನಲ್ಲಿ ಹೇಳಿ, ಮನೆಯಲ್ಲಿ ಕೂತು ರೆಕಾರ್ಡ್ ಮಾಡುತ್ತಿದ್ದೇನೆ ಅನ್ನುವುದನ್ನೂ ಮುಚ್ಚಿಡಬೇಡಿ. ಮೇಲಿನ ಹಂತ 5ರಿಂದ ಕೆಲಸ ಶುರು ಮಾಡಿ.

ಏನೂ ತಪ್ಪಿಲ್ಲ, ಎಲ್ಲ ಅಂದುಕೊಂಡಂತೆಯೇ ನಡೆದಿದೆ ಅಂತಾದರೆ ಕಥೆ ಕಟ್ಟಲು ಹೋಗಬೇಡಿ. ಆ ಜಾಗಗಳಿಗೆ ಹೋಗುವವರಿಗೆ ಉಪಯೋಗ ಆಗುವಂತೆ ದಾರಿ, ಸಮಯ, ಖರ್ಚು ಹೇಳುವ ಐದು ನಿಮಿಷದ ಮಾಹಿತಿ ವಿಡಿಯೋ ಮಾಡಿ. ಅದನ್ನು ಹುಡುಕಿಕೊಂಡು ಬರುವವರು ಇದ್ದೇ ಇರುತ್ತಾರೆ.